ಸ್ಕ್ಯಾನಿಂಗ್‌ನಲ್ಲಿ ಅಕಸ್ಮಾತ್ ಕಂಡ ಕಿಡ್ನಿ ಗಡ್ಡೆ: ಎಷ್ಟು ತೆಗೆಯಬೇಕು, ಎಷ್ಟು ಉಳಿಸಬೇಕು

ನಿಮ್ಮಲ್ಲಿ ಎಷ್ಟು ಜನ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡಿದ್ದೀರಿ ಅಂತ ಕೇಳಿದಾಗ ಅರ್ಧಕ್ಕಿಂತ ಜಾಸ್ತಿ ಕೈಗಳು ಮೇಲೆ ಬಂದವು. ಗ್ಯಾಸ್ಟ್ರಿಕ್ ಅಂತ, ಪಿತ್ತಕೋಶದ ಕಲ್ಲು ಅಂತ, ವರ್ಷಕ್ಕೊಮ್ಮೆಯ ಹೆಲ್ತ್ ಚೆಕಪ್ ಅಂತ ಮಾಡಿಸಿರುತ್ತೀರಿ. ನಾನು ನೋಡುವ ಕಿಡ್ನಿ ಗಡ್ಡೆಗಳಲ್ಲಿ ಹೆಚ್ಚಿನವು ಸಿಗುವುದೇ ಹೀಗೆ, ಬೇರೇನನ್ನೋ ಹುಡುಕುವಾಗ. ಮೂತ್ರದಲ್ಲಿ ರಕ್ತ, ಪಕ್ಕೆ ನೋವು, ಕೈಗೆ ಸಿಗುವ ಗಡ್ಡೆ, ಈ ಮೂರೂ ಇದ್ದರೆ ಕಿಡ್ನಿ ಕ್ಯಾನ್ಸರ್ ಎಂದು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಈಗ ಮೂರೂ ಒಟ್ಟಿಗೆ ಇರುವವರು ನೂರಕ್ಕೆ ಹತ್ತು ಜನವೂ ಸಿಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ.

ಒಬ್ಬರ ಕೇಸನ್ನೇ ಹಿಡಿದುಕೊಂಡು ಹೋಗೋಣ. ಐವತ್ನಾಲ್ಕು ವರ್ಷ, ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾರೆ. ಎಂಟು ವರ್ಷದಿಂದ ಶುಗರ್, ಬಿಪಿಗೆ ಒಂದು ಮಾತ್ರೆ. ಊಟ ಆದ ಮೇಲೆ ಹೊಟ್ಟೆ ಉಬ್ಬರ ಅಂತ ಸ್ಕ್ಯಾನಿಂಗ್ ಮಾಡಿಸಿದರು. ಪಿತ್ತಕೋಶ ಚೆನ್ನಾಗಿತ್ತು. ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು ಇತ್ತು: ಬಲ ಕಿಡ್ನಿಯ ಕೆಳಭಾಗದಲ್ಲಿ 3.4 ಸೆಂಟಿಮೀಟರ್‌ನ ಸಾಲಿಡ್ ಲೀಶನ್, ಸಿಟಿ ಮಾಡಿಸಿ ನೋಡುವುದು ಒಳ್ಳೆಯದು. ಅಂದರೆ ಗಟ್ಟಿ ಗಡ್ಡೆ, ಒಂದು ಸಣ್ಣ ನಿಂಬೆಹಣ್ಣಿನಷ್ಟು. ಮಾರನೆಯ ದಿನವೇ ಹೆಂಡತಿ, ತಮ್ಮ, ಮಗಳು ಎಲ್ಲರೂ ಸೇರಿ ಬಂದರು. ತಮ್ಮನದು ಒಂದೇ ಮಾತು. "ಸಾರ್, ಇನ್ನೊಂದು ಕಿಡ್ನಿ ಇದೆಯಲ್ಲ, ಇದನ್ನ ತೆಗೆದುಬಿಡಿ. ನಾಳೆಗೇ ಆಗುತ್ತಾ?"

ನಾಳೆ ಬೇಡ, ಮೂರು ನಾಲ್ಕು ವಾರ ಸಮಯ ಇದೆ ಎಂದೆ. ಅವರಿಗೆ ಅದು ನಿರ್ಲಕ್ಷ್ಯದ ಹಾಗೆ ಕೇಳಿಸಿತು, ಮುಖದಲ್ಲೇ ಗೊತ್ತಾಗುತ್ತಿತ್ತು. ಆದರೆ ಈ ಗಾತ್ರದ ಗಡ್ಡೆಗಳನ್ನು ಆಪರೇಷನ್ ಮಾಡದೆ ಸುಮ್ನೆ ಗಮನಿಸಿದ ಅಧ್ಯಯನಗಳಲ್ಲಿ ಅವು ವರ್ಷಕ್ಕೆ ಸರಾಸರಿ ಮೂರು ಮಿಲಿಮೀಟರ್ ಆಸುಪಾಸಿನಲ್ಲಿ ಬೆಳೆದಿವೆ. ಕೆಲವು ಬೆಳೆಯುವುದೇ ಇಲ್ಲ. ಮೂರು ವಾರದಲ್ಲಿ ಗಡ್ಡೆ ಕೈಮೀರಿ ಹೋಗುವುದಿಲ್ಲ. ಆದರೆ ಅದೇ ಮೂರು ವಾರದಲ್ಲಿ ಈ ಮನುಷ್ಯನ ಒಂದು ಕಿಡ್ನಿಯನ್ನು ಉಳಿಸುವುದೋ ಕಳೆಯುವುದೋ ಎನ್ನುವುದು ತೀರ್ಮಾನವಾಗುತ್ತದೆ.

ಮೊದಲು ಆ ಸ್ಕ್ಯಾನಿಂಗ್ ರಿಪೋರ್ಟಿನ ಮಿತಿ ನೋಡೋಣ. ಅಲ್ಟ್ರಾಸೌಂಡ್‌ಗೆ ನೀರಿನ ಗುಳ್ಳೆ, ಅಂದರೆ ಸಿಂಪಲ್ ಸಿಸ್ಟ್, ಮತ್ತು ಗಟ್ಟಿ ಗಡ್ಡೆಯ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಸಿಸ್ಟ್ ಒಳಗೆ ಪೂರ್ತಿ ಕಪ್ಪಗೆ ಕಾಣುತ್ತದೆ, ಗೋಡೆ ತೆಳ್ಳಗಿರುತ್ತದೆ, ಅದರ ಹಿಂದಿನ ಭಾಗ ಬೆಳ್ಳಗೆ ಹೊಳೆಯುತ್ತದೆ. ವಯಸ್ಸಾದಂತೆ ಬಹಳ ಜನರಲ್ಲಿ ಇಂಥವು ಇರುತ್ತವೆ, ಅವಕ್ಕೆ ಚಿಕಿತ್ಸೆ ಬೇಡ. ಗಟ್ಟಿ ಗಡ್ಡೆ ಎಂದು ಬಂದಾಗ ಮಾತ್ರ ಅಲ್ಟ್ರಾಸೌಂಡ್‌ ಅಲ್ಲಿಗೇ ನಿಲ್ಲುತ್ತದೆ. ಅದು ಯಾವ ಬಗೆಯದು ಅಂತ ಹೇಳಲಾರದು. ಕೆಲವೊಮ್ಮೆ ಕಿಡ್ನಿಯ ಮಾಂಸವೇ ಒಂದು ಕಡೆ ಉಬ್ಬಿಕೊಂಡು ಗಡ್ಡೆಯ ಹಾಗೆ ಕಾಣುವುದೂ ಉಂಟು. ಅಂಥವರನ್ನು ಸಿಟಿ ನೋಡಿ, ಏನೂ ಇಲ್ಲ ಎಂದು ಮನೆಗೆ ಕಳಿಸಿದ್ದೇವೆ.

ಇನ್ನು ಸಿಟಿ. ಯಾವ ಸಿಟಿ ಎನ್ನುವುದು ಮುಖ್ಯ. ಕಲ್ಲು ನೋಡಲು ಮಾಡುವ ಪ್ಲೇನ್ ಸಿಟಿ ಇಲ್ಲಿ ಸಾಲದು. ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ಎಂಬ ಔಷಧ ಕೊಡುವ ಮೊದಲು ಒಂದು ಸಲ, ಕೊಟ್ಟ ಮೇಲೆ ಬೇರೆ ಬೇರೆ ಹಂತಗಳಲ್ಲಿ ಮತ್ತೆ ಚಿತ್ರ ತೆಗೆಯಬೇಕು. ಬೇಗ ತೆಗೆದ ಚಿತ್ರದಲ್ಲಿ ರಕ್ತನಾಳಗಳು ಕಾಣುತ್ತವೆ. ಸ್ವಲ್ಪ ತಡೆದು ತೆಗೆದದ್ದರಲ್ಲಿ ಕಿಡ್ನಿ ಪೂರ್ತಿ ಒಂದೇ ಸಮ ಬೆಳಗಿ ಗಡ್ಡೆ ಬೇರೆಯಾಗಿ ಎದ್ದು ಕಾಣುತ್ತದೆ. ಇನ್ನೂ ತಡವಾಗಿ ತೆಗೆದದ್ದರಲ್ಲಿ ಮೂತ್ರ ಇಳಿಯುವ ದಾರಿ ಕಾಣುತ್ತದೆ. ಕಾಂಟ್ರಾಸ್ಟ್‌ಗೆ ಮೊದಲು, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡಲೇಬೇಕು. ಶುಗರ್‌ಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನು ಮೊದಲೇ ಹೇಳಬೇಕು. ಕಿಡ್ನಿ ಕೆಲಸ ತುಂಬಾ ಕಮ್ಮಿ ಇದ್ದರೆ ಎಂಆರ್‌ಐ ದಾರಿ ಇದೆ.

ಸಿಟಿಯಲ್ಲಿ ನಾವು ಹುಡುಕುವುದು ಮುಖ್ಯವಾಗಿ ಒಂದೇ. ಕಾಂಟ್ರಾಸ್ಟ್ ಹೋದ ಮೇಲೆ ಗಡ್ಡೆ ಎಷ್ಟು ಬೆಳಗುತ್ತದೆ? ಇದನ್ನು ಹೌನ್ಸ್‌ಫೀಲ್ಡ್ ಯೂನಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನೀರಿಗೆ ಅದು ಸೊನ್ನೆ, ಕೊಬ್ಬಿಗೆ ಸೊನ್ನೆಗಿಂತ ಕೆಳಗೆ. ಇಪ್ಪತ್ತಕ್ಕಿಂತ ಜಾಸ್ತಿ ಏರಿತು ಅಂದರೆ ಗಡ್ಡೆಗೆ ರಕ್ತ ಹೋಗುತ್ತಿದೆ, ಅದು ಜೀವಂತ ಗಡ್ಡೆ. ನಮ್ಮ ಅಂಗಡಿಯವರ ಗಡ್ಡೆ ಮೊದಲು 34 ಇತ್ತು, ಕಾಂಟ್ರಾಸ್ಟ್ ಆದ ಮೇಲೆ 118. ಅನುಮಾನವೇ ಇಲ್ಲ. ಒಳಗೆ ಕೊಬ್ಬು ಕಂಡಿದ್ದರೆ, ಅಂದರೆ ಎಲ್ಲಾದರೂ ಸೊನ್ನೆಗಿಂತ ಸಾಕಷ್ಟು ಕೆಳಗಿನ ಅಳತೆ ಬಂದಿದ್ದರೆ, ಅದು ಆಂಜಿಯೋಮಯೋಲಿಪೋಮ ಎಂಬ ಕ್ಯಾನ್ಸರ್ ಅಲ್ಲದ ಗಡ್ಡೆ ಎಂದು ಹೇಳಿ, ಈ ಗಾತ್ರಕ್ಕೆ ಆಪರೇಷನ್ ಬೇಡ ಎನ್ನುತ್ತಿದ್ದೆ. ಕೊಬ್ಬು ಇರಲಿಲ್ಲ.

"ಹಾಗಾದರೆ ಕ್ಯಾನ್ಸರ್ ಅಂತ ಗ್ಯಾರಂಟಿನಾ?" ಎಂದು ಮಗಳು ಕೇಳಿದಳು. ಗ್ಯಾರಂಟಿ ಇಲ್ಲ. ನಾಲ್ಕು ಸೆಂಟಿಮೀಟರ್ ಒಳಗಿನ ಇಂಥ ಗಡ್ಡೆಗಳನ್ನು ತೆಗೆದು ನೋಡಿದರೆ ಐದರಲ್ಲಿ ಹೆಚ್ಚು ಕಡಿಮೆ ಒಂದು ಕ್ಯಾನ್ಸರ್ ಆಗಿರುವುದಿಲ್ಲ. ಆಂಕೋಸೈಟೋಮ ಎಂಬ ಸಾಧು ಗಡ್ಡೆ ಸಿಟಿಯಲ್ಲಿ ಥೇಟ್ ಕ್ಯಾನ್ಸರ್ ಹಾಗೇ ಕಾಣುತ್ತದೆ. ಹಾಗಿದ್ದರೆ ಸೂಜಿ ಚುಚ್ಚಿ ಬಯಾಪ್ಸಿ ಯಾಕೆ ಮಾಡಬಾರದು ಅಂತ ನೀವು ಕೇಳಬಹುದು. ಚುಚ್ಚಿದರೆ ಹರಡುತ್ತದೆ ಎಂಬ ಭಯ ನಮ್ಮ ಜನರಲ್ಲಿ ಬಹಳ. ಕಿಡ್ನಿಯ ವಿಷಯದಲ್ಲಿ, ಈಗಿನ ಹೊರಕವಚ ಇರುವ ಸೂಜಿ ಬಳಸಿದರೆ, ಹಾಗೆ ಆಗುವುದು ತೀರಾ ಅಪರೂಪ. ನಾನು ಬಯಾಪ್ಸಿ ಬೇಡ ಎಂದದ್ದಕ್ಕೆ ಕಾರಣ ಬೇರೆ. ಬಯಾಪ್ಸಿಯಲ್ಲಿ ಕೆಲವೊಮ್ಮೆ ಏನೂ ಉತ್ತರ ಸಿಗುವುದಿಲ್ಲ. ಕ್ಯಾನ್ಸರ್ ಇಲ್ಲ ಎಂದು ಬಂದರೂ ಪೂರ್ತಿ ನಂಬುವುದು ಕಷ್ಟ. ಐವತ್ನಾಲ್ಕರ, ಉಳಿದಂತೆ ಗಟ್ಟಿಮುಟ್ಟಾದ ಇವರಿಗೆ ಯಾವ ಉತ್ತರ ಬಂದರೂ ನಾವು ಗಡ್ಡೆ ತೆಗೆಯುವವರೇ. ಬಯಾಪ್ಸಿಯ ಉತ್ತರದಿಂದ ಚಿಕಿತ್ಸೆ ಬದಲಾಗುತ್ತದೆ ಅನ್ನುವವರಿಗೆ ಮಾಡಿಸುತ್ತೇವೆ. ವಯಸ್ಸಾದವರು, ಬೇರೆ ಕಡೆ ಕ್ಯಾನ್ಸರ್ ಇದ್ದವರು, ಗಡ್ಡೆಯನ್ನು ಸೂಜಿಯಿಂದ ಸುಡಿಸಿಕೊಳ್ಳಲು ಹೊರಟವರು ಅಂಥವರು.

ಇಲ್ಲಿ ಇನ್ನೊಬ್ಬರ ವಿಷಯ ಹೇಳಬೇಕು. ಎಪ್ಪತ್ತೆಂಟರ ಅಜ್ಜಿ, ಹೃದಯದ ಪಂಪಿಂಗ್ ಕಮ್ಮಿ, ಎರಡು ಸೆಂಟಿಮೀಟರ್‌ನ ಗಡ್ಡೆ. ಮಕ್ಕಳು ಆಪರೇಷನ್‌ಗೆ ಒತ್ತಾಯ ಮಾಡಿದರು. ನಾವು ಮಾಡಲಿಲ್ಲ. ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್ ನೋಡುತ್ತಾ ಬಂದೆವು. ವರ್ಷಕ್ಕೆ ಐದು ಮಿಲಿಮೀಟರ್‌ಗಿಂತ ಜಾಸ್ತಿ ಬೆಳೆದರೆ, ಅಥವಾ ಮೂರು ಸೆಂಟಿಮೀಟರ್ ದಾಟಿದರೆ ಮತ್ತೆ ಕೂತು ಮಾತಾಡೋಣ ಎಂದು ಮೊದಲೇ ಗೆರೆ ಹಾಕಿಕೊಂಡೆವು. ಇದನ್ನು ಆಕ್ಟಿವ್ ಸರ್ವೇಲೆನ್ಸ್ ಎನ್ನುತ್ತಾರೆ. ಇದೂ ಚಿಕಿತ್ಸೆಯೇ. ಆದರೆ ಹೇಳಿದ ತಾರೀಖಿಗೆ ಬರುವವರಿಗೆ ಮಾತ್ರ ಇದು ಸರಿ. ನಿಂತ ನಿಲುವಿಗೆ ಮರೆತುಹೋಗುವವರಿಗೆ ಇದನ್ನು ಹೇಳುವುದು ಅಪಾಯ.

ಮತ್ತೆ ಅಂಗಡಿಯವರ ಹತ್ತಿರ ಬರೋಣ. ಎದೆಯ ಸಿಟಿ ಮಾಡಿಸಿದೆವು, ಯಾಕೆಂದರೆ ಕಿಡ್ನಿ ಕ್ಯಾನ್ಸರ್ ಹೋಗುವುದಾದರೆ ಹೆಚ್ಚಾಗಿ ಶ್ವಾಸಕೋಶಕ್ಕೇ ಹೋಗುತ್ತದೆ. ಅಲ್ಲಿ ಏನೂ ಇರಲಿಲ್ಲ. ಪೆಟ್ ಸ್ಕ್ಯಾನ್ ಮಾಡಿಸಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಈ ಹಂತದಲ್ಲಿ ಅದರಿಂದ ಪ್ರಯೋಜನ ಇಲ್ಲ. ಸಾಮಾನ್ಯ ಪೆಟ್ ಸ್ಕ್ಯಾನ್‌ನಲ್ಲಿ ಕೊಡುವ ಔಷಧ ಮೂತ್ರದಲ್ಲೇ ಹೊರಹೋಗುವುದರಿಂದ ಕಿಡ್ನಿ ತಾನಾಗಿಯೇ ಬೆಳಗುತ್ತದೆ, ಗಡ್ಡೆಯ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ಮೂಳೆ ನೋವಿಲ್ಲದೆ ಬೋನ್ ಸ್ಕ್ಯಾನ್ ಕೂಡ ಬೇಡ.

ಈಗ ತಮ್ಮನ ಪ್ರಶ್ನೆ. ಇನ್ನೊಂದು ಕಿಡ್ನಿ ಇದೆಯಲ್ಲ, ಪೂರ್ತಿ ತೆಗೆದರೆ ಏನು? ಒಂದು ಕಾಲದಲ್ಲಿ ನಾವೂ ಹಾಗೇ ಮಾಡುತ್ತಿದ್ದೆವು. 1960ರ ದಶಕದಲ್ಲಿ ಟೊರೊಂಟೊದ ರಾಬ್ಸನ್ ಅವರು, ಸುತ್ತಲಿನ ಕೊಬ್ಬಿನ ಸಮೇತ ಇಡೀ ಕಿಡ್ನಿ ತೆಗೆಯುವ ಆಪರೇಷನ್ನನ್ನು ಚಿಕಿತ್ಸೆಯ ಮಾದರಿಯಾಗಿ ನಿಲ್ಲಿಸಿದರು. ಆಗ ಸಿಗುತ್ತಿದ್ದದ್ದೇ ದೊಡ್ಡ ದೊಡ್ಡ ಗಡ್ಡೆಗಳು, ಹಾಗಾಗಿ ಅದು ಸರಿಯೇ ಇತ್ತು. ಸ್ಕ್ಯಾನಿಂಗ್ ಬಂದ ಮೇಲೆ ಸಣ್ಣ ಗಡ್ಡೆಗಳು ಸಿಗತೊಡಗಿದವು. ಗಡ್ಡೆಯಷ್ಟನ್ನೇ ತೆಗೆದರೂ ಕ್ಯಾನ್ಸರ್ ಹತೋಟಿ ಅಷ್ಟೇ ಚೆನ್ನಾಗಿರುತ್ತದೆ ಎಂಬುದು ವರ್ಷಗಳ ಅನುಭವದಿಂದ ಗೊತ್ತಾಯಿತು. ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಆಂಡ್ರ್ಯೂ ನೊವಿಕ್ ಅವರ ಕೆಲಸ ಇದರಲ್ಲಿ ದೊಡ್ಡದು.

ಆದರೆ ನಮ್ಮವರಿಗೆ ಇದು ಇನ್ನೂ ಹತ್ತಿರದ ಮಾತು. ಅವರ ಕ್ರಿಯಾಟಿನಿನ್ 1.2. ರಿಪೋರ್ಟಿನಲ್ಲಿ ನಾರ್ಮಲ್ ಎಂದೇ ಇರುತ್ತದೆ. ವಯಸ್ಸು ಸೇರಿಸಿ ಲೆಕ್ಕ ಹಾಕಿದರೆ ಕಿಡ್ನಿ ಸೋಸುವ ಪ್ರಮಾಣ, ಅಂದರೆ ಇಜಿಎಫ್‌ಆರ್, 72 ಬರುತ್ತದೆ. ಮೂತ್ರದಲ್ಲಿ ಸ್ವಲ್ಪ ಪ್ರೋಟೀನ್ ಕೂಡ ಹೋಗುತ್ತಿತ್ತು. ಎಂಟು ವರ್ಷದ ಶುಗರ್ ಎರಡೂ ಕಿಡ್ನಿಗಳ ಮೇಲೆ ಕೆಲಸ ಶುರುಮಾಡಿದೆ ಎಂದರ್ಥ. ಒಂದನ್ನು ಪೂರ್ತಿ ತೆಗೆದರೆ ಆ 72 ಐವತ್ತರ ಆಸುಪಾಸಿಗೆ ಇಳಿಯುವ ಸಾಧ್ಯತೆ ಇತ್ತು. ಉಳಿದ ಒಂದರ ಮೇಲೆ ಮುಂದಿನ ಇಪ್ಪತ್ತು ವರ್ಷ ಶುಗರ್ ಮತ್ತು ಬಿಪಿ ಕೂತಿರುತ್ತವೆ. ಗಡ್ಡೆಯಿಂದ ಪಾರಾದ ಮನುಷ್ಯ ಎಪ್ಪತ್ತನೇ ವಯಸ್ಸಿಗೆ ಡಯಾಲಿಸಿಸ್‌ಗೆ ಬರಬಾರದು. ನಾನು ತಮ್ಮನಿಗೆ ಹೇಳಿದ್ದು ಇಷ್ಟೇ. "ಇನ್ನೊಂದು ಕಿಡ್ನಿ ಇದೆ ನಿಜ. ಆದರೆ ಅದಕ್ಕೂ ಶುಗರ್ ಇದೆ ಕಣಪ್ಪ."

ಹಾಗಾದರೆ ಪಾರ್ಶಿಯಲ್ ನೆಫ್ರೆಕ್ಟಮಿ, ಗಡ್ಡೆಯನ್ನಷ್ಟೇ ತೆಗೆದು ಕಿಡ್ನಿ ಉಳಿಸುವುದು. ಸಾಧ್ಯವೇ ಎಂದು ನೋಡಲು ಸಿಟಿಯನ್ನು ಮತ್ತೆ ತೆರೆದು ಕೂರಬೇಕು. ಈ ಸಲ ರಿಪೋರ್ಟ್ ಸಾಲದು, ಆಪರೇಷನ್ ಮಾಡುವವರೇ ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಬೇಕು. ಗಡ್ಡೆ ಎಷ್ಟು ದೊಡ್ಡದು? ಹೊರಗೆ ಉಬ್ಬಿದೆಯೋ, ಮಾಂಸದೊಳಗೆ ಹೂತಿದೆಯೋ? ಮೂತ್ರ ಸೇರುವ ಒಳಕೋಣೆಗೆ ಎಷ್ಟು ಹತ್ತಿರ? ನಡುಭಾಗದಲ್ಲಿದೆಯೋ, ತುದಿಯಲ್ಲಿದೆಯೋ? ಇವಕ್ಕೆ ಒಂದು, ಎರಡು, ಮೂರು ಎಂದು ಅಂಕ ಕೊಟ್ಟು ಕೂಡುವ ಪದ್ಧತಿ ಇದೆ, ರೀನಲ್ ಸ್ಕೋರ್ ಎನ್ನುತ್ತೇವೆ. ನಾಲ್ಕು ಬಂದರೆ ತೀರಾ ಸುಲಭ, ಹನ್ನೆರಡು ಬಂದರೆ ತೀರಾ ಕಷ್ಟ. ನಮ್ಮವರ ಗಡ್ಡೆ ಅರ್ಧಕ್ಕಿಂತ ಜಾಸ್ತಿ ಹೊರಗೆ ಉಬ್ಬಿತ್ತು, ಕೆಳತುದಿಯಲ್ಲಿತ್ತು. ಒಳಕೋಣೆಗೆ ಐದು ಮಿಲಿಮೀಟರ್ ದೂರ ಇದ್ದದ್ದಕ್ಕೆ ಮಾತ್ರ ಎರಡು ಅಂಕ. ಒಟ್ಟು ಐದು. ಉಳಿಸಬಹುದಾದ ಕಿಡ್ನಿ.

ಆ ಚಿತ್ರಗಳಲ್ಲೇ ಇನ್ನೊಂದು ಕಂಡಿತು. ಬಲ ಕಿಡ್ನಿಗೆ ಎರಡು ಅಪಧಮನಿ. ದೊಡ್ಡದು ಮಾಮೂಲಿ ಜಾಗದಲ್ಲಿ, ಇನ್ನೊಂದು ಸಣ್ಣದು ಕೆಳಗಿನಿಂದ ಬೇರೆಯಾಗಿ ಹೊರಟು ನೇರ ಕೆಳತುದಿಗೆ. ಸರಿಯಾಗಿ ಗಡ್ಡೆ ಇರುವ ಜಾಗಕ್ಕೆ. ರಿಪೋರ್ಟಿನಲ್ಲಿ ಇದರ ಪ್ರಸ್ತಾಪ ಇರಲಿಲ್ಲ. ಒಂದಕ್ಕಿಂತ ಹೆಚ್ಚು ಅಪಧಮನಿ ಇರುವುದು ರೋಗವಲ್ಲ, ಬಹಳಷ್ಟು ಜನರಿಗೆ ಇರುತ್ತದೆ. ಆದರೆ ಇದು ಗೊತ್ತಿಲ್ಲದೆ ದೊಡ್ಡ ಅಪಧಮನಿಯನ್ನು ಮಾತ್ರ ಬಿಗಿಹಿಡಿದು ಗಡ್ಡೆ ಕತ್ತರಿಸಿದರೆ ಕೆಳಗಿನದರಿಂದ ರಕ್ತ ಚಿಮ್ಮುತ್ತಲೇ ಇರುತ್ತದೆ. ರಕ್ತದಲ್ಲಿ ಗಡ್ಡೆಯ ಅಂಚು ಕಾಣುವುದಿಲ್ಲ. ಆಗ ಗಾಬರಿಯಲ್ಲಿ ಇಡೀ ಕಿಡ್ನಿ ಕಳೆದುಕೊಳ್ಳುವ ಪರಿಸ್ಥಿತಿ ಬರುತ್ತದೆ. ನೀವು ಸೆಕೆಂಡ್ ಒಪೀನಿಯನ್‌ಗೆ ಹೋಗುವಾಗ ರಿಪೋರ್ಟಿನ ಹಾಳೆ ಮಾತ್ರ ತರಬೇಡಿ, ಸಿಡಿಯನ್ನೂ ತನ್ನಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ಹಾಳೆಯಲ್ಲಿ ಅಪಧಮನಿ ಕಾಣುವುದಿಲ್ಲ.

ಉಳಿದ ಮೂರು ವಾರ ತಯಾರಿ. ಶುಗರ್ ಹತೋಟಿಗೆ ಬಂತು. ರಕ್ತ ತೆಳು ಮಾಡುವ ಮಾತ್ರೆ ಅವರಿಗೆ ಇರಲಿಲ್ಲ. ಇದ್ದವರು ತಾವಾಗಿಯೇ ನಿಲ್ಲಿಸಬಾರದು, ಹೃದಯದ ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು. ಅಗತ್ಯ ಬಿದ್ದರೆ ಪೂರ್ತಿ ಕಿಡ್ನಿ ತೆಗೆಯಲು ಒಪ್ಪಿಗೆ ಎಂದು ಸಹಿ ಹಾಕಿಸಿಕೊಂಡೆವು. ಆ ಸಾಲನ್ನು ಓದಿ ಅವರ ಹೆಂಡತಿ ಅತ್ತರು. ಇದನ್ನು ಆಪರೇಷನ್ ಹಿಂದಿನ ರಾತ್ರಿ ಹೇಳಬಾರದು, ವಾರಗಳ ಮೊದಲೇ ಕೂರಿಸಿಕೊಂಡು ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರೋಬೋಟ್, ಲ್ಯಾಪರೋಸ್ಕೋಪಿ, ಓಪನ್, ಯಾವುದು ಒಳ್ಳೆಯದು ಎಂದು ಪ್ರಶ್ನೆ ಬರೆದು ಕಳಿಸಿದ್ದೀರಿ. ಕ್ಯಾನ್ಸರ್ ಹತೋಟಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಸಣ್ಣ ರಂಧ್ರಗಳಿಂದ ಮಾಡಿದರೆ ನೋವು ಕಮ್ಮಿ, ಬೇಗ ಮನೆಗೆ ಹೋಗುತ್ತೀರಿ. ಆದರೆ ರಂಧ್ರದಿಂದ ಪೂರ್ತಿ ಕಿಡ್ನಿ ತೆಗೆಯುವುದಕ್ಕಿಂತ, ಓಪನ್ ಮಾಡಿ ಕಿಡ್ನಿ ಉಳಿಸುವುದು ಮೇಲು. ನಿಮ್ಮ ವೈದ್ಯರನ್ನು ಕೇಳಬೇಕಾದ್ದು ಯಂತ್ರದ ಹೆಸರಲ್ಲ, ಇಂಥ ಗಡ್ಡೆಗಳಲ್ಲಿ ಅವರು ಎಷ್ಟು ಸಲ ಕಿಡ್ನಿ ಉಳಿಸಿದ್ದಾರೆ ಎಂಬುದು.

ಆಪರೇಷನ್ನಿನ ಮುಖ್ಯ ಭಾಗ ಅರ್ಧ ಗಂಟೆಯೂ ಇಲ್ಲ. ಅದಕ್ಕೆ ಮೊದಲಿನ ಒಂದೂವರೆ ಗಂಟೆ ದಾರಿ ಬಿಡಿಸುವುದರಲ್ಲೇ ಹೋಗುತ್ತದೆ. ಎರಡೂ ಅಪಧಮನಿಗಳನ್ನು ಬೇರೆ ಮಾಡಿ ಇಟ್ಟುಕೊಂಡೆವು. ಕಿಡ್ನಿಯ ಮೇಲೆಯೇ ಅಲ್ಟ್ರಾಸೌಂಡ್ ಇಟ್ಟು ಗಡ್ಡೆಯ ಅಂಚನ್ನು ಗುರುತು ಮಾಡಿದೆವು. ಆಮೇಲೆ ಎರಡೂ ಅಪಧಮನಿಗೆ ಕ್ಲಾಂಪ್. ಆ ಕ್ಷಣದಿಂದ ಕಿಡ್ನಿಗೆ ರಕ್ತ ಇಲ್ಲ, ಥಿಯೇಟರ್‌ನಲ್ಲಿ ಒಬ್ಬರು ಗಟ್ಟಿಯಾಗಿ ನಿಮಿಷ ಎಣಿಸುತ್ತಾರೆ. ಇಪ್ಪತ್ತೈದು ಮೂವತ್ತು ನಿಮಿಷದೊಳಗೆ ಬಿಡಿಸಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಇನ್ನೂ ಹೊತ್ತು ಬೇಕಾಗುವ ಕಷ್ಟದ ಗಡ್ಡೆಯಾದರೆ ಕಿಡ್ನಿಯ ಸುತ್ತ ಪುಡಿ ಐಸ್ ತುಂಬಿ ತಣ್ಣಗೆ ಮಾಡಿಕೊಳ್ಳುತ್ತೇವೆ. ಗಡ್ಡೆಯ ಸುತ್ತ ತೆಳುವಾದ ಒಳ್ಳೆಯ ಮಾಂಸದ ಪದರ ಸೇರಿಸಿ ಕತ್ತರಿಸಿದೆವು. ತಳದಲ್ಲಿ ಒಳಕೋಣೆ ಸ್ವಲ್ಪ ತೆರೆದುಕೊಂಡಿತ್ತು, ಅದನ್ನು ಹೊಲಿದು, ರಕ್ತನಾಳಗಳ ಮೇಲೆ ಹೊಲಿಗೆ ಹಾಕಿ, ಹೊರಗಿನ ಅಂಚುಗಳನ್ನು ಸೇರಿಸಿ, ಕ್ಲಾಂಪ್ ಬಿಟ್ಟಾಗ ಹತ್ತೊಂಬತ್ತು ನಿಮಿಷ. ಕಿಡ್ನಿ ನೋಡನೋಡುತ್ತಲೇ ಮತ್ತೆ ಕೆಂಪಾಯಿತು.

ಆಪರೇಷನ್ ಆದ ಮೇಲೆ ಎರಡು ವಿಷಯ ಗಮನಿಸಬೇಕು. ಒಂದು, ಮೂತ್ರ ಸೋರುವುದು. ಪಕ್ಕದಲ್ಲಿ ಇಟ್ಟ ಡ್ರೈನ್ ಟ್ಯೂಬಿನಲ್ಲಿ ನೀರು ಬರುತ್ತಲೇ ಇದ್ದರೆ ಆ ನೀರಿನ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುತ್ತೇವೆ. ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಇದ್ದರೆ ಅದು ಮೂತ್ರ. ಬಹಳ ಸಲ ತಾನಾಗಿಯೇ ನಿಲ್ಲುತ್ತದೆ, ಇಲ್ಲದಿದ್ದರೆ ಒಳಗೆ ಸ್ಟೆಂಟ್ ಹಾಕುತ್ತೇವೆ. ನಮ್ಮವರಿಗೆ ಆಗಲಿಲ್ಲ, ನಾಲ್ಕನೇ ದಿನ ಮನೆಗೆ ಹೋದರು.

ಎರಡನೆಯದು ಮನೆಗೆ ಹೋದ ಮೇಲೆ ಬರುವಂಥದ್ದು, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಕತ್ತರಿಸಿದ ಜಾಗದ ಸಣ್ಣ ಅಪಧಮನಿಯೊಂದು ಒಳಗೊಳಗೇ ಉಬ್ಬಿ, ಒಂದೆರಡು ವಾರದ ನಂತರ ಒಡೆಯಬಹುದು. ಎಲ್ಲವೂ ಚೆನ್ನಾಗಿದೆ ಎನ್ನುವಾಗ ಇದ್ದಕ್ಕಿದ್ದ ಹಾಗೆ ಮೂತ್ರ ಕೆಂಪಗೆ, ಹೆಪ್ಪು ಹೆಪ್ಪಾಗಿ ಬರುತ್ತದೆ, ತಲೆ ಸುತ್ತುತ್ತದೆ. ಇನ್ನೊಬ್ಬ ಹೆಣ್ಣುಮಗಳಿಗೆ ಹೀಗಾಯಿತು. ಉಷ್ಣ ಆಗಿದೆ ಎಂದು ಮನೆಯವರು ಎಳನೀರು, ಬಾರ್ಲಿ ನೀರು ಕೊಡುತ್ತಾ ಒಂದು ದಿನ ಕಳೆದರು. ಬಂದಾಗ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ತೊಡೆಯ ನಾಳದಿಂದ ತೆಳುವಾದ ತಂತಿ ಕಳಿಸಿ, ಸೋರುತ್ತಿದ್ದ ಆ ಒಂದು ನಾಳಕ್ಕೆ ಕಾಯಿಲ್ ಇಟ್ಟು ಮುಚ್ಚಿದರು. ಹೊಟ್ಟೆ ತೆರೆಯಬೇಕಾಗಲಿಲ್ಲ, ಕಿಡ್ನಿಯೂ ಉಳಿಯಿತು. ಈ ಆಪರೇಷನ್ ಆದವರಿಗೆ ಮೊದಲ ತಿಂಗಳಲ್ಲಿ ಮೂತ್ರ ಕೆಂಪಾದರೆ ಕಾಯಬೇಡಿ, ರಾತ್ರಿಯಾದರೂ ಹೊರಡಿ. ಈ ಸೌಲಭ್ಯ ಇರುವ ಆಸ್ಪತ್ರೆ ನಿಮ್ಮ ಊರಿಗೆ ಹತ್ತಿರ ಎಲ್ಲಿದೆ ಎಂದು ಡಿಸ್‌ಚಾರ್ಜ್ ದಿನವೇ ಕೇಳಿ ಬರೆದುಕೊಳ್ಳಿ.

ಹತ್ತು ದಿನಕ್ಕೆ ಪೆಥಾಲಜಿ ರಿಪೋರ್ಟ್ ಬಂತು. ಕ್ಲಿಯರ್ ಸೆಲ್ ಕಾರ್ಸಿನೋಮ, ಕಿಡ್ನಿ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯವಾದ ಬಗೆ. ಗಾತ್ರ 3.2. ಸ್ಕ್ಯಾನಿಂಗ್‌ನಲ್ಲಿ 3.4 ಇತ್ತಲ್ಲ, ಸ್ವಲ್ಪ ಬಿಟ್ಟುಬಿಟ್ಟರಾ ಎಂದು ಮಗಳು ಗಾಬರಿಯಾದಳು. ರಕ್ತ ಇಳಿದುಹೋದ ಗಡ್ಡೆ ಸ್ವಲ್ಪ ಕುಗ್ಗುತ್ತದೆ, ಅಷ್ಟೇ. ನೋಡಬೇಕಾದ ಸಾಲುಗಳು ಮೂರು. ಅಂಚಿನಲ್ಲಿ ಗಡ್ಡೆ ಇದೆಯೇ, ಗ್ರೇಡ್ ಅಂದರೆ ಕ್ಯಾನ್ಸರ್ ಕೋಶಗಳ ಉಗ್ರತೆ ಎಷ್ಟು, ಸುತ್ತಲಿನ ಕೊಬ್ಬಿಗೋ ರಕ್ತನಾಳಕ್ಕೋ ಇಳಿದಿದೆಯೇ. ಅಂಚು ಶುದ್ಧ, ನಾಲ್ಕರಲ್ಲಿ ಗ್ರೇಡ್ ಎರಡು, ಕೊಬ್ಬಿಗೆ ಇಳಿದಿಲ್ಲ. ಸ್ಟೇಜು ಒಂದು. ಕೀಮೋ ಬೇಡ, ರೇಡಿಯೇಷನ್ ಬೇಡ. ಕೊಬ್ಬಿಗೆ ಇಳಿದದ್ದು ಎಂದು ಬಂದಿದ್ದರೆ ಕ್ಯಾನ್ಸರ್ ತಜ್ಞರ ಜೊತೆ ಇಮ್ಯುನೋಥೆರಪಿಯ ಬಗ್ಗೆ ಕೂತು ಮಾತಾಡುತ್ತಿದ್ದೆವು, ಸ್ಕ್ಯಾನ್‌ಗಳೂ ಆರು ತಿಂಗಳಿಗೊಮ್ಮೆ ಆಗುತ್ತಿದ್ದವು.

ಫಾಲೋಅಪ್‌ನಲ್ಲಿ ಎರಡು ದಾರಿ ಒಟ್ಟಿಗೆ ನಡೆಯುತ್ತವೆ. ಒಂದು ಗಡ್ಡೆಯ ದಾರಿ. ಇವರಂಥ ಕಡಿಮೆ ಅಪಾಯದವರಿಗೆ ಮೊದಲ ವರ್ಷದೊಳಗೆ ಹೊಟ್ಟೆಯ ಒಂದು ಸಿಟಿ ಅಥವಾ ಎಂಆರ್‌ಐ ಮತ್ತು ಎದೆಯ ಚಿತ್ರ, ಆಮೇಲೆ ವರ್ಷಕ್ಕೊಮ್ಮೆ ಅಥವಾ ಇನ್ನೂ ವಿರಳವಾಗಿ, ಕನಿಷ್ಠ ಐದು ವರ್ಷ. ಐದಾದ ಮೇಲೂ ಪೂರ್ತಿ ಬಿಡುವುದಿಲ್ಲ, ಯಾಕೆಂದರೆ ಈ ಕ್ಯಾನ್ಸರ್ ಅಪರೂಪಕ್ಕೆ ಬಹಳ ತಡವಾಗಿ ಬರುವುದೂ ಇದೆ. ಮೊದಲ ಸಿಟಿ ಬಗ್ಗೆ ಒಂದು ಎಚ್ಚರಿಕೆ. ರಕ್ತ ನಿಲ್ಲಿಸಲು ಕತ್ತರಿಸಿದ ಜಾಗದಲ್ಲಿ ನಾವು ಇಟ್ಟ ಹತ್ತಿಯಂಥ ವಸ್ತು, ಒಳಗೆ ಮಡಚಿ ಹೊಲಿದ ಕೊಬ್ಬು, ಇವು ಚಿತ್ರದಲ್ಲಿ ಗಡ್ಡೆ ಅಥವಾ ಕೀವಿನ ಹಾಗೆ ಕಾಣಬಹುದು. ಬೇರೆ ಊರಿನ ಸೆಂಟರ್‌ನಲ್ಲಿ ಮಾಡಿಸುವವರು ಆಪರೇಷನ್ ಟಿಪ್ಪಣಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅದಿಲ್ಲದೆ ಹೋದವರಿಗೆ ಗಡ್ಡೆ ಮತ್ತೆ ಬಂದಿದೆ ಎಂಬ ರಿಪೋರ್ಟ್ ಸಿಕ್ಕು, ವಾರಗಟ್ಟಲೆ ನಿದ್ದೆಗೆಟ್ಟದ್ದನ್ನು ನೋಡಿದ್ದೇನೆ. ನಿಜವಾಗಿ ಮತ್ತೆ ಬಂದದ್ದಾದರೆ ಕಾಂಟ್ರಾಸ್ಟ್‌ಗೆ ಬೆಳಗುತ್ತದೆ, ಮುಂದಿನ ಸ್ಕ್ಯಾನ್‌ಗೆ ಬೆಳೆದಿರುತ್ತದೆ. ಇಟ್ಟ ವಸ್ತುವಾದರೆ ಕರಗುತ್ತಾ ಹೋಗುತ್ತದೆ.

ಎರಡನೆಯದು ಕಿಡ್ನಿಯ ದಾರಿ, ಜನ ಮರೆಯುವುದು ಇದನ್ನೇ. ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ಬಿಪಿ, ಶುಗರ್. ಮೂರು ತಿಂಗಳಿಗೆ ನೋಡಿದಾಗ ನಮ್ಮವರ ಕ್ರಿಯಾಟಿನಿನ್ 1.3, ಇಜಿಎಫ್‌ಆರ್ 65. ಪೂರ್ತಿ ತೆಗೆದಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲ. ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ ಬಿಡಿಸಿದೆವು. ಕಿಡ್ನಿ ಶುದ್ಧಿ ಮಾಡುತ್ತದೆ ಎಂದು ಯಾರೋ ಕೊಟ್ಟ ಭಸ್ಮವನ್ನೂ ಬಿಡಿಸಿದೆವು. ಅವರು ಬೀಡಿ ಸಿಗರೇಟು ಸೇದುವವರಲ್ಲ. ಸೇದುತ್ತಿದ್ದರೆ ಅದೂ ನಿಲ್ಲಲೇಬೇಕಿತ್ತು, ಈ ಕ್ಯಾನ್ಸರ್‌ಗೆ ಗೊತ್ತಿರುವ ಕಾರಣಗಳಲ್ಲಿ ತಂಬಾಕು, ಬೊಜ್ಜು, ಬಿಪಿ ಮುಂದಿನ ಸಾಲಿನವು.

ಕೊನೆಯ ಭೇಟಿಯಲ್ಲಿ ಹೆಂಡತಿ ಕೇಳಿದ್ದು, ಮಗಳಿಗೂ ಸ್ಕ್ಯಾನ್ ಮಾಡಿಸಬೇಕಾ ಎಂದು. ಇವರ ವಿಷಯದಲ್ಲಿ ಬೇಡ. ಐವತ್ತು ದಾಟಿದ ಮೇಲೆ, ಒಂದೇ ಕಿಡ್ನಿಯಲ್ಲಿ, ಒಂದೇ ಗಡ್ಡೆ, ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ನಲವತ್ತಾರರೊಳಗೆ ಬಂದರೆ, ಎರಡೂ ಕಿಡ್ನಿಯಲ್ಲಿ ಬಂದರೆ, ಒಂದಕ್ಕಿಂತ ಹೆಚ್ಚು ಗಡ್ಡೆ ಇದ್ದರೆ, ಅಥವಾ ಅಣ್ಣ ತಮ್ಮ, ಅಪ್ಪ ಅಮ್ಮನಿಗೆ ಇದ್ದರೆ ಮಾತು ಬೇರೆ. ಅಂಥ ಮನೆಗಳಲ್ಲಿ ವಂಶವಾಹಿಯ ದೋಷ ಇರಬಹುದು, ವಾನ್ ಹಿಪ್ಪೆಲ್ ಲಿಂಡೌ ಎಂಬುದು ಅದರಲ್ಲಿ ಹೆಚ್ಚು ಗೊತ್ತಿರುವುದು. ಮೊದಲು ಜೆನೆಟಿಕ್ ಕೌನ್ಸೆಲಿಂಗ್, ರೋಗಿಯ ರಕ್ತ ಪರೀಕ್ಷೆ, ಅದರಲ್ಲಿ ದೋಷ ಸಿಕ್ಕರೆ ಮಕ್ಕಳ ಪರೀಕ್ಷೆ, ಈ ಕ್ರಮದಲ್ಲೇ ಹೋಗಬೇಕು.